ಬೆಟ್ಟದ ಸಾಲು, ಕಾಲುದಾರಿ, ಸೈನಿಕರ ನೆರಳು

2018ರ ಜುಲೈನಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಒಂದು ವಿಡಿಯೊ ಹರಿದಾಡತೊಡಗಿತು. ಸಮವಸ್ತ್ರ ತೊಟ್ಟ ಕೆಲವರು ಇಬ್ಬರು ಹೆಂಗಸರನ್ನೂ ಇಬ್ಬರು ಮಕ್ಕಳನ್ನೂ ಮಣ್ಣಿನ ದಾರಿಯಲ್ಲಿ ನಡೆಸಿಕೊಂಡು ಹೋಗಿ, ಕಣ್ಣಿಗೆ ಬಟ್ಟೆ ಕಟ್ಟಿ ಗುಂಡಿಕ್ಕುತ್ತಾರೆ. ಕೊಂದವರು ಕ್ಯಾಮೆರೂನ್ ಸೈನಿಕರು ಎಂಬ ಆರೋಪ ಎದ್ದಿತು. ಇದು ಸುಳ್ಳು ಸುದ್ದಿ, ನಮ್ಮ ದೇಶದ್ದೇ ಅಲ್ಲ ಎಂದು ಅಲ್ಲಿನ ಸರ್ಕಾರ ತಳ್ಳಿಹಾಕಿತು. ಆಗ ಬಿಬಿಸಿಯ ‘ಆಫ್ರಿಕಾ ಐ’ ತಂಡ, ಬೆಲ್ಲಿಂಗ್‌ಕ್ಯಾಟ್ ಮತ್ತು ಆಮ್ನೆಸ್ಟಿಯ ಪರಿಣತರ ಜೊತೆ ಸೇರಿ, ಎಲ್ಲಿ, ಯಾವಾಗ, ಯಾರು ಎಂಬ ಮೂರು ಪ್ರಶ್ನೆ ಹಿಡಿದು ಕೂತಿತು.

ಇಂಥ ತನಿಖೆಯಲ್ಲಿ ಮೊದಲು ನೆನಪಾಗುವುದು ಮೆಟಾಡೇಟಾ. ಫೋನಿನಲ್ಲಿ ವಿಡಿಯೊ ತೆಗೆದಾಗ ದೃಶ್ಯದ ಜೊತೆಗೇ ದಿನಾಂಕ, ಸಮಯ, ಎಷ್ಟೋ ಸಲ ಫೋನಿನ ಮಾದರಿ, ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶಗಳೂ ಆ ಫೈಲಿನೊಳಗೆ ಕೂತಿರುತ್ತವೆ. ತೆಗೆದವರ ಕೈಯಿಂದ ಮೂಲ ಫೈಲೇ ಸಿಕ್ಕರೆ ಇದು ದೊಡ್ಡ ಆಸರೆ. ಆದರೆ ಅಲ್ಲೂ ಎಚ್ಚರ ಬೇಕು. ಫೈಲಿನಲ್ಲಿ ಸಮಯ ಹಲವು ಬಾರಿ ಗ್ರೀನಿಚ್ ಲೆಕ್ಕದಲ್ಲಿರುತ್ತದೆ. ಬೆಂಗಳೂರಿನಲ್ಲಿ ಮಧ್ಯಾಹ್ನ 2.30ಕ್ಕೆ ತೆಗೆದದ್ದು ಬೆಳಿಗ್ಗೆ 9 ಎಂದು ಕಾಣಬಹುದು. ಬೇಕೆಂದವರು ಈ ವಿವರವನ್ನು ತಿದ್ದಲೂಬಹುದು. ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ಹಾದುಬಂದ ವಿಡಿಯೊದಲ್ಲಂತೂ ಅದು ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಹಾಗೆ ಜಾಲತಾಣದಲ್ಲಿ ಸಿಕ್ಕಿದ ವಿಡಿಯೊ ಮೊದಲು ಅಪ್‌ಲೋಡ್ ಆದ ದಿನ ಹೇಳುವುದು ಒಂದೇ ಮಾತು: ಘಟನೆ ಅದಕ್ಕಿಂತ ಮುಂಚೆ ನಡೆದಿದೆ. ಎಷ್ಟು ಮುಂಚೆ ಎಂಬುದನ್ನು ದೃಶ್ಯದೊಳಗೇ ಹುಡುಕಬೇಕು.

ಈ ವಿಡಿಯೊದ ಮೊದಲ 40 ಸೆಕೆಂಡುಗಳಲ್ಲಿ ಹಿಂದುಗಡೆ ಒಂದು ಬೆಟ್ಟದ ಸಾಲು ಕಾಣುತ್ತದೆ. ಕಟ್ಟಡ ಬೀಳಬಹುದು, ಮರ ಕಡಿಯಬಹುದು. ಬೆಟ್ಟದ ಏರಿಳಿತ ಬದಲಾಗುವುದಿಲ್ಲ. ಆದರೆ ಅದನ್ನು ಹುಡುಕಬೇಕಾದ ಪ್ರದೇಶ ಬಹಳ ದೊಡ್ಡದು. ಕೊನೆಗೆ ಕ್ಯಾಮೆರೂನಿನ ಮೂಲವೊಂದು ಜೆಲೆವೆಟ್ ಎಂಬ ಊರಿನ ಹತ್ತಿರ ನೋಡಿ ಎಂದಿತು. ನೈಜೀರಿಯಾ ಗಡಿಗೆ ಅಂಟಿಕೊಂಡಂತಿರುವ ಊರು ಅದು. ಗೂಗಲ್ ಅರ್ಥ್‌ನಲ್ಲಿ ಅಲ್ಲಿನ ನೆಲಮಟ್ಟದಿಂದ ನೋಡಿದಾಗ ಬೆಟ್ಟದ ಅಂಚು ವಿಡಿಯೊದ ಅಂಚಿಗೆ ಹೊಂದಿಕೊಂಡಿತು. ಒಂದೇ ಹೋಲಿಕೆಗೆ ತೃಪ್ತರಾಗುವುದು ಈ ಕೆಲಸದಲ್ಲಿ ದೊಡ್ಡ ಅಪಾಯ, ಏಕೆಂದರೆ ನಾವು ಕಾಣಬಯಸಿದ್ದು ಎಲ್ಲೆಲ್ಲೂ ಕಂಡೀತು. ಅದಕ್ಕೇ ಅವರು ಉಪಗ್ರಹ ಚಿತ್ರದಲ್ಲಿ ದಾರಿ, ಕಟ್ಟಡ, ಮರಗಳನ್ನು ಒಂದೊಂದಾಗಿ ತಾಳೆ ನೋಡಿದರು. ಎಲ್ಲವೂ ಇದ್ದ ಜಾಗದಲ್ಲೇ ಇದ್ದವು.

ಜಾಗ ಖಚಿತವಾದ ಮೇಲೆ ಕಾಲದ ಪ್ರಶ್ನೆ. ವಿಡಿಯೊದಲ್ಲಿ ಕಾಣುವ ಕಟ್ಟಡಗಳನ್ನು ಬೇರೆ ಬೇರೆ ತಿಂಗಳ ಉಪಗ್ರಹ ಚಿತ್ರಗಳ ಜೊತೆ ಹೋಲಿಸಿದಾಗ, ಘಟನೆ 2014ರ ನವೆಂಬರ್ ಮತ್ತು 2016ರ ಫೆಬ್ರುವರಿ ನಡುವೆ ನಡೆದಿದೆ ಎಂದು ಗೊತ್ತಾಯಿತು. ಇದಕ್ಕಿಂತ ಬಿಗಿಯಾಗಿ ಕಟ್ಟಡಗಳು ಹೇಳಲಾರವು. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ತಿಂಗಳುಗಳೇ ಕಳೆದಿರುತ್ತವೆ. ಇನ್ನೊಂದು ಸುಳಿವು ಒಂದು ಸಣ್ಣ ಕಾಲುದಾರಿ. ಅದು ಜನವರಿಯಿಂದ ಏಪ್ರಿಲ್‌ವರೆಗಿನ ಒಣ ಬೇಸಿಗೆಯಲ್ಲಿ ಮಾತ್ರ ಕಾಣುತ್ತಿತ್ತು.

ಇನ್ನು ನೆರಳು. ನಿಂತವನ ನೆರಳು ಅವನಷ್ಟೇ ಉದ್ದವಿದ್ದರೆ ಸೂರ್ಯ 45 ಡಿಗ್ರಿ ಮೇಲಿದ್ದಾನೆ. ಎರಡರಷ್ಟಿದ್ದರೆ ಸುಮಾರು 27 ಡಿಗ್ರಿ. ನೆರಳು ಬಿದ್ದ ದಿಕ್ಕನ್ನು ಉಪಗ್ರಹ ಚಿತ್ರದಲ್ಲಿನ ದಾರಿಯ ದಿಕ್ಕಿನಿಂದ ಅಳೆಯಬಹುದು. ಸೂರ್ಯ ಎಷ್ಟು ಮೇಲೆ, ಯಾವ ದಿಕ್ಕಿನಲ್ಲಿ ಎಂಬ ಎರಡೂ ಗೊತ್ತಾದರೆ, ಜಾಗ ಮೊದಲೇ ತಿಳಿದಿರುವುದರಿಂದ, ದಿನವನ್ನೂ ಗಂಟೆಯನ್ನೂ ಲೆಕ್ಕ ಹಾಕಬಹುದು. ನೆಲ ಸ್ವಲ್ಪ ಇಳಿಜಾರಿದ್ದರೂ, ಕ್ಯಾಮೆರಾ ಓರೆಯಾಗಿದ್ದರೂ ಅಳತೆ ತಪ್ಪುತ್ತದೆ. ಆದ್ದರಿಂದ ಉತ್ತರ ಒಂದು ದಿನವಾಗಿ ಅಲ್ಲ, ಒಂದು ಅವಧಿಯಾಗಿ ಬರುತ್ತದೆ. ಇಲ್ಲಿ ಬಂದದ್ದು ಮಾರ್ಚ್ 20ರಿಂದ ಏಪ್ರಿಲ್ 5.

ಆದರೆ ಸೂರ್ಯ ಅದೇ ಪಥದಲ್ಲಿ ವರ್ಷಕ್ಕೆ ಎರಡು ಸಲ ಹಾಯುತ್ತಾನೆ, ಉತ್ತರಕ್ಕೆ ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ. ಮಾರ್ಚ್ ಕೊನೆಯ ನೆರಳಿಗೂ ಸೆಪ್ಟೆಂಬರ್ ಎರಡು-ಮೂರನೇ ವಾರದ ನೆರಳಿಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಯಾವ ವರ್ಷ ಎಂದಂತೂ ನೆರಳು ಹೇಳುವುದೇ ಇಲ್ಲ. ಆ ಬೇಸಿಗೆಯ ಕಾಲುದಾರಿ ಸೆಪ್ಟೆಂಬರ್ ಸಾಧ್ಯತೆಯನ್ನು ತೆಗೆದುಹಾಕುತ್ತದೆ. ಕಟ್ಟಡಗಳು ಕೊಟ್ಟ ಅವಧಿಯೊಳಗೆ ಮಾರ್ಚ್ ಬರುವುದು ಒಂದೇ ಸಲ. ಹೀಗೆ ಉಳಿದದ್ದು 2015.

‘ಯಾರು’ ಎಂಬುದಕ್ಕೆ ಬೆಟ್ಟ, ನೆರಳುಗಳಿಂದ ಉತ್ತರ ಸಿಗುವುದಿಲ್ಲ. ಅದಕ್ಕೆ ಆಯುಧ, ಸಮವಸ್ತ್ರಗಳನ್ನು ನೋಡಬೇಕಾಯಿತು. ಒಬ್ಬನ ಕೈಯಲ್ಲಿದ್ದ ಸರ್ಬಿಯಾದ ಜಾಸ್ತವಾ ಎಂ21 ಬಂದೂಕು ಆ ಭಾಗದಲ್ಲಿ ಅಪರೂಪ, ಆದರೆ ಕ್ಯಾಮೆರೂನ್ ಸೇನೆಯ ಕೆಲವು ತುಕಡಿಗಳ ಬಳಿ ಇತ್ತು. ಅಂಥ ಸಮವಸ್ತ್ರವನ್ನು ನಮ್ಮ ಸೈನಿಕರು ಅಲ್ಲಿ ತೊಡುವುದಿಲ್ಲ ಎಂಬ ಸರ್ಕಾರದ ವಾದಕ್ಕೆ, ಸೈನಿಕರು ತಾವೇ ಫೇಸ್‌ಬುಕ್‌ಗೆ ಹಾಕಿದ್ದ ಫೋಟೊಗಳು ಉತ್ತರವಾದವು. ಆಗಸ್ಟ್‌ನಲ್ಲಿ ಸರ್ಕಾರ ಏಳು ಸೈನಿಕರ ಬಂಧನವನ್ನು ಪ್ರಕಟಿಸಿತು. 2020ರ ಸೆಪ್ಟೆಂಬರ್‌ನಲ್ಲಿ ಸೇನಾ ನ್ಯಾಯಾಲಯ ನಾಲ್ವರಿಗೆ 10 ವರ್ಷ, ಒಬ್ಬನಿಗೆ 2 ವರ್ಷ ಜೈಲು ವಿಧಿಸಿ, ಇಬ್ಬರನ್ನು ಬಿಡುಗಡೆ ಮಾಡಿತು.