ಮಾಡ್ಯುಲರ್ ಕಿಚನ್: ಚದರ ಅಡಿಯ ದರದೊಳಗೆ ಏನೇನಿದೆ?

ಹೊಸ ಫ್ಲ್ಯಾಟಿಗೆ ಮಾಡ್ಯುಲರ್ ಕಿಚನ್ ಮಾಡಿಸಲು ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಮೂರು ಕೊಟೇಶನ್ ಇರುತ್ತವೆ. ಒಬ್ಬರು ಚದರ ಅಡಿಗೆ 1,300 ರೂಪಾಯಿ ಎಂದಿರುತ್ತಾರೆ, ಇನ್ನೊಬ್ಬರು 1,600. ಮನೆಯವರೆಲ್ಲ ಕೂತು ನೋಡುವಾಗ ಎಲ್ಲರ ಕಣ್ಣೂ ಆ ಅಂಕಿಯ ಮೇಲೇ ನಿಲ್ಲುತ್ತದೆ. ಆದರೆ ಅಳತೆ ಎಲ್ಲಿಂದ ಎಲ್ಲಿಗೆ, ಹಲಗೆ ಯಾವುದು, ಹಿಂಜ್ ಯಾವುದು, ಡ್ರಾಯರ್ ಎಷ್ಟು ಎಂಬುದು ಗೊತ್ತಾಗದೆ ಈ ಎರಡನ್ನು ಹೋಲಿಸಲು ಬರುವುದಿಲ್ಲ. ಒಂದೇ ಅಡುಗೆಮನೆಯನ್ನು ಮುಂದಿಟ್ಟುಕೊಂಡು ಬಿಡಿಸಿ ನೋಡೋಣ. ಇಲ್ಲಿ ಬರುವ ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮೂರಿನ ದರ ಬೇರೆ ಇರಬಹುದು, ಲೆಕ್ಕ ಹಾಕುವ ದಾರಿ ಒಂದೇ.

ಮೊದಲು ಅಳತೆ

ನಮ್ಮ ಉದಾಹರಣೆಯ ಅಡುಗೆಮನೆ ಎಲ್ ಆಕಾರದ್ದು. ಒಂದು ಗೋಡೆ 10 ಅಡಿ, ಇನ್ನೊಂದು 8 ಅಡಿ. ಗ್ರಾನೈಟ್ ಕಟ್ಟೆಯ ಕೆಳಗೆ ಎರಡೂ ಕಡೆ ಬಾಕ್ಸ್‌ಗಳು ಬರುತ್ತವೆ. ಮೇಲಿನ ಬಾಕ್ಸ್‌ಗಳು 10 ಅಡಿಯ ಗೋಡೆಗೆ ಮಾತ್ರ, ಎತ್ತರ 2 ಅಡಿ.

ಈ ಕೆಲಸದಲ್ಲಿ ಚದರ ಅಡಿ ಎಂದರೆ ಸಾಮಾನ್ಯವಾಗಿ ಎದುರಿನಿಂದ ಕಾಣುವ ಮುಖದ ಉದ್ದ ಮತ್ತು ಎತ್ತರದ ಗುಣಲಬ್ಧ. ಆಳ ಲೆಕ್ಕಕ್ಕೆ ಬರುವುದಿಲ್ಲ. 1,300 ರೂಪಾಯಿ ಹೇಳಿದವರು ಗೋಡೆಗುಂಟ ಟೇಪ್ ಹಿಡಿದು 10 ಮತ್ತು 8 ಕೂಡಿಸಿ 18 ಅಡಿ ಎಂದು ಬರೆದುಕೊಂಡರು. ಕಟ್ಟೆಯ ಆಳ 2 ಅಡಿ ಇರುವುದರಿಂದ ಮೂಲೆಯ 2 ಅಡಿ ಇಲ್ಲಿ ಎರಡು ಸಲ ಎಣಿಕೆಯಾಯಿತು. ಎತ್ತರವನ್ನೂ ಅವರು ನೆಲದಿಂದ ಗ್ರಾನೈಟ್‌ವರೆಗೆ ಹಿಡಿದು 2.75 ಅಡಿ ಎಂದರು. ಕೆಳಗಿನ ಭಾಗಕ್ಕೆ 49.5, ಮೇಲಿನದಕ್ಕೆ 20, ಒಟ್ಟು 69.5 ಚದರ ಅಡಿಯಾಯಿತು. ಮೊತ್ತ 90,350 ರೂಪಾಯಿ.

1,600 ಹೇಳಿದವರು ಮೂಲೆಯನ್ನು ಕಳೆದು 16 ಅಡಿ ಹಿಡಿದರು. ಎತ್ತರದಲ್ಲಿಯೂ ಕಾಲುಗಳ ಜಾಗ ಬಿಟ್ಟು, ಬಾಕ್ಸಿನ 720 ಮಿಲಿಮೀಟರನ್ನು ಮಾತ್ರ ಹಿಡಿದರು. ಕೆಳಗೆ ಸುಮಾರು 38, ಮೇಲೆ 20, ಒಟ್ಟು 58 ಚದರ ಅಡಿ. ಮೊತ್ತ 92,800 ರೂಪಾಯಿ. ದರದಲ್ಲಿ 300 ರೂಪಾಯಿ ವ್ಯತ್ಯಾಸ ಕಂಡರೂ ಅಡುಗೆಮನೆಯ ಮೊತ್ತದಲ್ಲಿ ಉಳಿದದ್ದು 2,450 ರೂಪಾಯಿ ಮಾತ್ರ.

ಆದ್ದರಿಂದ ದರ ಕೇಳುವ ಮೊದಲು ಅಳತೆಯ ನಕ್ಷೆ ಕೇಳಿ. ಪ್ರತಿ ಬಾಕ್ಸಿನ ಅಗಲ, ಎತ್ತರ, ಆಳ ಅದರಲ್ಲಿ ಇರಲೇಬೇಕು. ಮೇಲಿನ ಬಾಕ್ಸಿನ ಆಳ ಕೆಳಗಿನದರ ಸುಮಾರು ಅರ್ಧವಷ್ಟೇ, ಅದಕ್ಕೆ ಹಲಗೆಯೂ ಕಡಿಮೆ ಸಾಕು. ಎರಡಕ್ಕೂ ಒಂದೇ ದರ ಹಾಕಿದ್ದರೆ ಮೇಲಿನ ಭಾಗಕ್ಕೆ ಕಡಿಮೆ ದರ ಕೇಳುವುದು ನ್ಯಾಯವೇ.

ಹಲಗೆ: ಎಲ್ಲಿ ಯಾವುದು?

ಕೊಟೇಶನ್ನಿನಲ್ಲಿ ಬರೀ ‘ಪ್ಲೈವುಡ್’ ಎಂದೋ ‘ವಾಟರ್‌ಪ್ರೂಫ್ ಬೋರ್ಡ್’ ಎಂದೋ ಬರೆದಿದ್ದರೆ ಏನೂ ಬರೆಯದಷ್ಟೇ ಸರಿ. ಬಾಕ್ಸಿಗೆ ಯಾವುದು, ಶಟರಿಗೆ ಯಾವುದು, ಹಿಂಬದಿಗೆ ಯಾವುದು, ಎಷ್ಟು ಮಿಲಿಮೀಟರ್ ದಪ್ಪ ಎಂದು ಬೇರೆ ಬೇರೆಯಾಗಿ ಬರೆದಿರಬೇಕು.

ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರುಗಳನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ. ಒಣಗಿದ ಜಾಗದಲ್ಲಿ ಅದು ಚೆನ್ನಾಗಿಯೇ ಬಾಳುತ್ತದೆ. ನೀರು ಒಳಹೊಕ್ಕರೆ ಮಾತ್ರ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಉಬ್ಬಿದ ಜಾಗದಲ್ಲಿ ಸ್ಕ್ರೂ ಹಿಡಿತ ಬಿಡುತ್ತದೆ, ಹಿಂಜ್ ಕಳಚುತ್ತದೆ, ಬಾಗಿಲು ಜೋತು ಬೀಳುತ್ತದೆ. ಎಚ್‌ಡಿಎಚ್‌ಎಂಆರ್ ಇದಕ್ಕಿಂತ ದಟ್ಟವಾದ ನಾರಿನ ಹಲಗೆ. ತೇವವನ್ನು ಹೆಚ್ಚು ತಡೆಯುತ್ತದೆ, ಆದರೆ ನಿಂತ ನೀರಿಗೆ ಅದು ಮಾಡಿದ್ದಲ್ಲ. ಪ್ಲೈವುಡ್‌ನಲ್ಲಿ ಎಂಆರ್ ಎಂಬುದು ತೇವ ತಡೆಯುವ ಸಾಧಾರಣ ದರ್ಜೆ. ಐಎಸ್ 710 ಗುರುತಿನ ಬಿಡಬ್ಲ್ಯುಪಿ ಪ್ಲೈವುಡ್‌ನ ಅಂಟು 72 ಗಂಟೆ ಕುದಿಯುವ ನೀರಿನ ಪರೀಕ್ಷೆಯಲ್ಲಿ ಗೆಲ್ಲಬೇಕು.

ಇಡೀ ಅಡುಗೆಮನೆಗೆ ಅತಿ ದುಬಾರಿ ಹಲಗೆ ಬೇಕಿಲ್ಲ. ನಮ್ಮ ಅಡುಗೆಮನೆಗಳಲ್ಲಿ ನೀರಿನ ಬಳಕೆ ಜಾಸ್ತಿ. ಸಿಂಕ್ ಕೆಳಗೆ ಪೈಪು ಜಿನುಗುತ್ತದೆ, ನೆಲಕ್ಕೆ ನೀರು ಹಾಕಿ ತೊಳೆಯುತ್ತೇವೆ. ಆದ್ದರಿಂದ ಕೆಳಗಿನ ಬಾಕ್ಸ್‌ಗಳಿಗೆ, ಅದರಲ್ಲೂ ಸಿಂಕಿನ ಬಾಕ್ಸಿಗೆ, ಐಎಸ್ 710 ಪ್ಲೈವುಡ್ ಬೇಕು. ಮೇಲಿನ ಬಾಕ್ಸ್‌ಗಳಿಗೆ ಎಂಆರ್ ಪ್ಲೈವುಡ್ ಸಾಕು. ವರ್ಷದ ನಾಲ್ಕು ತಿಂಗಳು ಗೋಡೆಯೇ ತೇವವಾಗಿರುವ ಕರಾವಳಿ, ಮಲೆನಾಡಿನಲ್ಲಿ ಮಾತ್ರ ಮೇಲೂ ಒಳ್ಳೆಯ ದರ್ಜೆಯೇ ಬೇಕು. ಶಟರಿಗೆ ಪ್ಲೈವುಡ್ಡೇ ಆಗಬೇಕೆಂಬ ಹಟ ಬೇಡ. ಎತ್ತರದ ಪ್ಲೈವುಡ್ ಶಟರ್ ಕೆಲವೊಮ್ಮೆ ಬಾಗುತ್ತದೆ, ನಾರಿನ ಹಲಗೆಯ ಮುಖ ಹೆಚ್ಚು ಸಮನಾಗಿರುತ್ತದೆ.

ಪ್ಲೈವುಡ್ ಮೇಲಿನ ಐಎಸ್‌ಐ ಮುದ್ರೆ ಲ್ಯಾಮಿನೇಟ್ ಅಂಟಿಸಿದ ಮೇಲೆ ಕಾಣುವುದಿಲ್ಲ. ಹಲಗೆ ಕತ್ತರಿಸುವ ದಿನವೇ ವರ್ಕ್‌ಶಾಪ್‌ಗೆ ಹೋಗಿ ನೋಡಿ, ಇಲ್ಲವೇ ಮುದ್ರೆಯ ಫೋಟೊ ತರಿಸಿಕೊಳ್ಳಿ. ಅದರಲ್ಲಿ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟ ಪರವಾನಗಿ ಎಂದು ಗೊತ್ತಾಗುತ್ತದೆ. ಕಿಚನ್ ಕೂರಿಸಿದ ಮೇಲೂ ಒಂದು ಜಾಗ ನಿಜ ಹೇಳುತ್ತದೆ. ಸಿಂಕ್ ಕೆಳಗೆ ಪೈಪಿಗಾಗಿ ಕೊರೆದ ತೂತಿನ ಅಂಚಿಗೆ ಪಟ್ಟಿ ಅಂಟಿಸಿರುವುದಿಲ್ಲ. ಟಾರ್ಚ್ ಹಿಡಿದರೆ ಪದರ ಪದರವಾದ ಪ್ಲೈವುಡ್ಡೋ ಚೂರು ಚೂರಾದ ಪಾರ್ಟಿಕಲ್ ಬೋರ್ಡೋ ಕಾಣುತ್ತದೆ. ನೀರು ಹಲಗೆಯೊಳಕ್ಕೆ ಹೊಗುವುದೂ ಆ ಅಂಚಿನಿಂದಲೇ. ಅದಕ್ಕೆ ಸಿಲಿಕೋನ್ ಹಚ್ಚಿಸಿಯೇ ಕೆಲಸ ಒಪ್ಪಿಕೊಳ್ಳಿ. ಕೆಳಗಿನ ಬಾಕ್ಸ್‌ಗಳು ನೆಲ ಮುಟ್ಟದೆ ಪಿವಿಸಿ ಕಾಲುಗಳ ಮೇಲೆ ನಿಂತಿರಬೇಕು ಎಂಬುದನ್ನೂ ಕೊಟೇಶನ್ನಿನಲ್ಲಿ ಬರೆಸಿ.

ಹಾರ್ಡ್‌ವೇರ್: ಹೆಸರು ಸಾಲದು

ಅಡುಗೆಮನೆಯಲ್ಲಿ ದಿನಕ್ಕೆ ಹತ್ತಾರು ಸಲ ಚಲಿಸುವುದು ಹಿಂಜ್ ಮತ್ತು ಡ್ರಾಯರ್ ಚಾನೆಲ್. ಮೊದಲು ಕೆಡುವುದೂ ಇವೇ. ಹೆಟಿಕ್, ಹಾಫಲೆ, ಬ್ಲಮ್, ಎಬ್ಕೊ, ಗೋದ್ರೆಜ್ ಹೀಗೆ ಕೊಟೇಶನ್ನಿನಲ್ಲಿ ಯಾವುದಾದರೂ ಒಂದು ಹೆಸರು ಇರುತ್ತದೆ. ಆದರೆ ಒಂದೇ ಕಂಪನಿ ಸಾದಾ ಹಿಂಜನ್ನೂ ಸಾಫ್ಟ್ ಕ್ಲೋಸ್ ಹಿಂಜನ್ನೂ ಮಾಡುತ್ತದೆ, ಬೆಲೆಯಲ್ಲಿ ತುಂಬಾ ಅಂತರವಿದೆ. ಹಿಂಜ್ ಮಾತ್ರ ಆ ಕಂಪನಿಯದಾಗಿ, ಚಾನೆಲ್ ಹೆಸರಿಲ್ಲದ್ದಾಗಿರುವುದೂ ಉಂಟು. ಆದ್ದರಿಂದ ಕಂಪನಿಯ ಜೊತೆಗೆ ಮಾದರಿಯ ಹೆಸರನ್ನೂ ಸಂಖ್ಯೆಯನ್ನೂ ಬರೆಸಿ.

ಡ್ರಾಯರ್‌ನಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಟೆಲಿಸ್ಕೋಪಿಕ್ ಚಾನೆಲ್ ಮೇಲೆ ಸ್ಟೀಲ್ ತಂತಿಯ ಬಾಸ್ಕೆಟ್ ಕೂರಿಸುವುದು ಅಗ್ಗದ ದಾರಿ. ಎರಡೂ ಬದಿಗೆ ಲೋಹದ ಗೋಡೆ ಇದ್ದು, ಮೆಲ್ಲಗೆ ತಾನಾಗಿ ಮುಚ್ಚಿಕೊಳ್ಳುವ ಟ್ಯಾಂಡಮ್ ಬಾಕ್ಸ್ ದುಬಾರಿ. ಟ್ಯಾಂಡಮ್ ಬಾಕ್ಸ್ ಬ್ಲಮ್ ಕಂಪನಿಯ ಉತ್ಪನ್ನದ ಹೆಸರಾದರೂ ಅಂಗಡಿಗಳಲ್ಲಿ ಆ ಬಗೆಯ ಎಲ್ಲ ಡ್ರಾಯರಿಗೂ ಹಾಗೆಯೇ ಹೇಳುತ್ತಾರೆ. ಹೀಗಾಗಿ ಯಾರದ್ದು, ಎಷ್ಟು ಕಿಲೊ ತಡೆಯುತ್ತದೆ ಎಂದು ಕೇಳಲೇಬೇಕು.

ಶೋರೂಮಿನಲ್ಲಿ ಖಾಲಿ ಡ್ರಾಯರ್ ಎಳೆದರೆ ಯಾವುದಾದರೂ ಹಗುರವಾಗಿಯೇ ಬರುತ್ತದೆ. ಕುಕ್ಕರು, ಪಾತ್ರೆ, ಅಕ್ಕಿ ಚೀಲ ಏನಾದರೂ ಇಟ್ಟು ಪೂರ್ತಿ ಹೊರಗೆಳೆದು ನೋಡಿ. ಮುಂಭಾಗ ಕೆಳಗೆ ಬಗ್ಗಿದರೆ, ಪಕ್ಕಕ್ಕೆ ಅಲುಗಿದರೆ, ಹಿಂಭಾಗ ಪೂರ್ತಿ ಹೊರಬರದೆ ನಿಂತರೆ ಅದು ಭಾರದ ಪಾತ್ರೆಗೆ ತಕ್ಕ ಡ್ರಾಯರಲ್ಲ.

ಬಿಡಿಬಿಡಿಯಾಗಿ ಸೇರುವ ಖರ್ಚು

ತಟ್ಟೆ, ಲೋಟ, ಚಮಚದ ಬಾಸ್ಕೆಟ್‌ಗಳು, ಬಾಟಲ್ ಪುಲ್‌ಔಟ್, ಮೂಲೆಯ ತಿರುಗುವ ತಟ್ಟೆ, ಹಿಡಿಕೆ, ಇವು ಹೆಚ್ಚಾಗಿ ಚದರ ಅಡಿಯ ದರದಲ್ಲಿ ಸೇರಿರುವುದಿಲ್ಲ. ತಂತಿಯ ಬಾಸ್ಕೆಟ್ 304 ದರ್ಜೆಯ ಸ್ಟೀಲ್ ಆಗಿದ್ದರೆ ಉಪ್ಪು, ಹುಳಿ, ತೇವ ತಡೆಯುತ್ತದೆ. 202 ದರ್ಜೆ ಅಗ್ಗ, ಆದರೆ ಬೇಗ ತುಕ್ಕಿನ ಕಲೆ ಬರುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವವರಿದ್ದಾರೆ. ಎರಡಕ್ಕೂ ಅಯಸ್ಕಾಂತ ಅಷ್ಟಾಗಿ ಅಂಟುವುದಿಲ್ಲವಾದ್ದರಿಂದ ಅದರಿಂದ ಏನೂ ತಿಳಿಯದು. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ದಾರಿ.

ಈಗ ನಮ್ಮ ಲೆಕ್ಕ ಮುಗಿಸೋಣ. 1,300ರ ಕೊಟೇಶನ್‌ಗೆ ನಾಲ್ಕು ಬಾಸ್ಕೆಟ್ ಡ್ರಾಯರಿಗೆ 12,000, ಬಾಟಲ್ ಪುಲ್‌ಔಟ್‌ಗೆ 5,000, ಹಿಡಿಕೆಗಳಿಗೆ 3,200, ಸಾಗಣೆ ಮತ್ತು ಜೋಡಣೆಗೆ 6,000 ಸೇರಿ 1,16,550 ರೂಪಾಯಿಯಾಯಿತು. ಶೇ 18 ಜಿಎಸ್‌ಟಿ ಕೂಡಿದರೆ 1,37,529. 1,600ರ ಕೊಟೇಶನ್‌ನಲ್ಲಿ ಹಿಡಿಕೆ, ಸಾಗಣೆ, ಜೋಡಣೆ ದರದೊಳಗೇ ಇವೆ. ನಾಲ್ಕು ಟ್ಯಾಂಡಮ್ ಡ್ರಾಯರಿಗೆ 26,000, ಪುಲ್‌ಔಟ್‌ಗೆ 5,000 ಸೇರಿ 1,23,800. ಜಿಎಸ್‌ಟಿ ಕೂಡಿದರೆ 1,46,084. ಗ್ರಾನೈಟ್, ಸಿಂಕ್, ನಲ್ಲಿ, ಚಿಮಣಿ, ಒಲೆ ಎರಡರಲ್ಲೂ ಇಲ್ಲ.

ಕೊನೆಗೆ ಉಳಿದ ವ್ಯತ್ಯಾಸ 8,555 ರೂಪಾಯಿ. ಮೊದಲನೆಯದರಲ್ಲಿ ಪೂರ್ತಿ ಪಾರ್ಟಿಕಲ್ ಬೋರ್ಡ್, ಸಾದಾ ಹಿಂಜ್, ತಂತಿಯ ಬಾಸ್ಕೆಟ್. ಎರಡನೆಯದರಲ್ಲಿ ಕೆಳಗೆ ಐಎಸ್ 710 ಪ್ಲೈವುಡ್, ಸಾಫ್ಟ್ ಕ್ಲೋಸ್ ಹಿಂಜ್, ಭಾರ ತಡೆಯುವ ಡ್ರಾಯರ್. ಈ ಪಟ್ಟಿ ಕೈಯಲ್ಲಿದ್ದವರು ಎರಡನೆಯದನ್ನೇ ಆರಿಸುತ್ತಾರೆ, ಚದರ ಅಡಿಯ ದರ ಮಾತ್ರ ನೋಡಿದವರು ಮೊದಲನೆಯದನ್ನು. ಬಜೆಟ್ ಸಾಲದಿದ್ದರೆ ಒಂದೆರಡು ಡ್ರಾಯರ್ ಬಿಟ್ಟು ಅಲ್ಲಿ ಸಾದಾ ಕಪಾಟು ಹಾಕಿಸಿ, ಹೊಳೆಯುವ ಅಕ್ರಿಲಿಕ್ ಬದಲು ಒಂದು ಮಿಲಿಮೀಟರ್ ಲ್ಯಾಮಿನೇಟ್ ಆರಿಸಿ. ಅವನ್ನು ಮುಂದೆ ಬದಲಾಯಿಸಬಹುದು, ಗ್ರಾನೈಟಿನ ಕೆಳಗೆ ಕೂತ ಬಾಕ್ಸನ್ನು ಬದಲಾಯಿಸುವುದು ಬಲು ಕಷ್ಟ.

ಬಾಕ್ಸ್‌ವಾರು ಅಳತೆ, ಜಾಗವಾರು ಹಲಗೆ, ಮಾದರಿ ಮತ್ತು ಸಂಖ್ಯೆಯೊಂದಿಗೆ ಹಾರ್ಡ್‌ವೇರ್, ಸೇರದೆ ಉಳಿದ ಖರ್ಚು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಸಿ, ಮಾಡುವವರ ಸಹಿ ಪಡೆದ ಮೇಲೆಯೇ ಮುಂಗಡ ಕೊಡಿ.