‘ಸೂಪರ್ ಬ್ರೋ’ ಹಾಕಿದ್ರೆ ಸಾಕಾ? ಗೆಳೆಯರ ಪೋಸ್ಟಿಗೆ ಮನಸ್ಸಿಗೆ ಮುಟ್ಟುವ ಹಾಗೆ ಕಮೆಂಟ್ ಬರೆಯುವುದು ಹೇಗೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾರದ್ದಾದರೂ ಫೇಸ್‌ಬುಕ್ ಪೋಸ್ಟ್ ತೆರೆದು ನೋಡಿ. ಹುಟ್ಟುಹಬ್ಬ ಆದ್ರೆ ‘ಹೆಚ್‌ಬಿಡಿ’, ಹೊಸ ಬೈಕ್ ಆದ್ರೆ ‘ಸೂಪರ್ ಬ್ರೋ’, ಮದುವೆ ಆದ್ರೆ ‘ಎಡ್ಡೆ ಆವಡ್’, ಸಾವು ಆದ್ರೆ ‘ಓಂ ಶಾಂತಿ’. ಮೇಲಿನವರು ಹಾಕಿದ್ದನ್ನೇ ಕೆಳಗಿನವರೂ ಹಾಕಿರ್ತಾರೆ. ಹಾಕಿದವರಿಗೆ ಎರಡು ಸೆಕೆಂಡಿನ ಕೆಲಸ. ಪೋಸ್ಟ್ ಹಾಕಿದವನು ಎಲ್ಲದಕ್ಕೂ ಒಂದೊಂದು ಹಾರ್ಟ್ ಒತ್ತಿ ಮುಗಿಸ್ತಾನೆ.

ನಮ್ಮ ಊರಿಗೆ ಇದು ಸಣ್ಣ ವಿಷಯ ಅಲ್ಲ. ಪಿಯುಸಿ, ಡಿಗ್ರಿ ಮುಗಿದ ಮೇಲೆ ಒಬ್ಬ ದುಬೈ, ಒಬ್ಬ ಮುಂಬೈ, ಇನ್ನೊಬ್ಬ ಬೆಂಗಳೂರು. ಒಟ್ಟಿಗೆ ಸೇರುವುದು ಯಾರದ್ದಾದರೂ ಮದುವೆಗೆ, ಇಲ್ಲಾಂದ್ರೆ ಊರಿನ ಜಾತ್ರೆಗೆ. ನಡುವಿನ ವರ್ಷಗಳಲ್ಲಿ ಕೆಲವು ಗೆಳೆತನ ಉಳಿದಿರುವುದೇ ಆ ಕಮೆಂಟ್ ಬಾಕ್ಸಿನಲ್ಲಿ. ಅಲ್ಲಿ ಏನು ಬರೆದರೆ ಸಂಬಂಧ ಗಟ್ಟಿ ಆಗ್ತದೆ, ಏನು ಬರೆದರೆ ಲೆಕ್ಕಕ್ಕೆ ಮಾತ್ರ ಆಗ್ತದೆ ಎಂಬುದನ್ನು ಇಲ್ಲಿ ನೋಡುವ.

ಲೈಕ್ ಬೇರೆ, ಬರೆದ ಮಾತು ಬೇರೆ

ಇದರ ಬಗ್ಗೆ ಅಧ್ಯಯನವೂ ಆಗಿದೆ. ಫೇಸ್‌ಬುಕ್‌ನಲ್ಲಿ ಸಂಶೋಧಕಿ ಆಗಿದ್ದ ಮೊಯಿರಾ ಬರ್ಕ್ ಮತ್ತು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಕ್ರೌಟ್ 2016ರಲ್ಲಿ ಒಂದು ವರದಿ ಪ್ರಕಟಿಸಿದರು. 1,910 ಬಳಕೆದಾರರನ್ನು ಮೂರು ತಿಂಗಳ ಅವಧಿಯಲ್ಲಿ ಗಮನಿಸಿದ ಅಧ್ಯಯನ ಅದು. ಹತ್ತಿರದವರು ತಮಗಾಗಿಯೇ ಕೂತು ಬರೆದ ಕಮೆಂಟ್, ಮೆಸೇಜ್ ಸಿಕ್ಕವರಲ್ಲಿ ನೆಮ್ಮದಿ ಹೆಚ್ಚಾದದ್ದು ಕಂಡುಬಂತು. ಬರೀ ಲೈಕ್ ಸಿಕ್ಕಿದ್ದರಿಂದ, ಬೇರೆಯವರು ಎಲ್ಲರಿಗೂ ಅಂತ ಹಾಕಿದ ಪೋಸ್ಟ್ ನೋಡಿದ್ದರಿಂದ ಅಂಥ ಬದಲಾವಣೆ ಕಾಣಲಿಲ್ಲ.

ಅಂದ್ರೆ ಇಲ್ಲಿ ಎರಡು ವಿಷಯ ಉಂಟು. ಒಂದು, ಬರೆದವನು ಹತ್ತಿರದವನಾಗಿರಬೇಕು. ಎರಡು, ಆ ಮಾತು ಆ ಒಬ್ಬನಿಗಾಗಿಯೇ ಬರೆದದ್ದಾಗಿರಬೇಕು. ಹಾಗಾಗಿ ಫ್ರೆಂಡ್ ಲಿಸ್ಟಿನ ಸಾವಿರ ಜನಕ್ಕೂ ಉದ್ದುದ್ದ ಕಮೆಂಟ್ ಬರೀಬೇಕಾಗಿಲ್ಲ. ನಿಮಗೆ ಬೇಕಾದ ಐದಾರು ಜನರಿಗೆ ಸರಿಯಾಗಿ ಬರೆದರೆ ಸಾಕು, ಉಳಿದವರಿಗೆ ಲೈಕ್ ಒತ್ತಿದ್ರೆ ಯಾರಿಗೂ ಬೇಜಾರಿಲ್ಲ.

ಖುಷಿಯ ಸುದ್ದಿಗೆ ನಾಲ್ಕು ಬಗೆಯ ಉತ್ತರ

ಗೆಳೆಯ ಕಷ್ಟ ಹೇಳಿಕೊಂಡಾಗ ನಾವು ಎಚ್ಚರದಿಂದ ಮಾತಾಡ್ತೇವೆ. ಖುಷಿ ಹೇಳಿಕೊಂಡಾಗ ಅಷ್ಟು ಯೋಚಿಸುವುದಿಲ್ಲ. ಆದ್ರೆ ಸಂಬಂಧ ಗಟ್ಟಿಯಾಗುವುದರಲ್ಲಿ ಖುಷಿಯ ಸುದ್ದಿಗೆ ಕೊಡುವ ಉತ್ತರದ ಪಾಲು ದೊಡ್ಡದು ಎಂದು ಮನಃಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಅವರು ಅಧ್ಯಯನ ಮಾಡಿದ್ದು ಪ್ರೇಮಿಗಳು, ದಂಪತಿಗಳ ನಡುವಿನ ಮಾತನ್ನು. ಫೇಸ್‌ಬುಕ್ ಕಮೆಂಟನ್ನು ಅಲ್ಲ. ಆದರೂ ಅವರು ಹೇಳಿದ ನಾಲ್ಕು ಬಗೆ ನಮ್ಮ ಕಮೆಂಟ್ ಬಾಕ್ಸಿಗೂ ಸರಿಯಾಗಿ ಹೊಂದ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳುವ. ಬೆಳ್ತಂಗಡಿ ತಾಲೂಕಿನ ಒಬ್ಬ ಹುಡುಗ. ಮೂಡುಬಿದಿರೆಯಲ್ಲಿ ಹಾಸ್ಟೆಲಲ್ಲಿದ್ದು ಓದಿದವ. ಆರು ವರ್ಷ ಗಲ್ಫಲ್ಲಿ ದುಡಿದು ಬಂದು ಬಿ.ಸಿ.ರೋಡಲ್ಲಿ ಸಣ್ಣ ಬೇಕರಿ ಹಾಕಿದ್ದಾನೆ ಅಂತ ಇಟ್ಟುಕೊಳ್ಳಿ. ಅಂಗಡಿಯ ಬೋರ್ಡಲ್ಲಿ ಅಮ್ಮನ ಹೆಸರು. ಪೂಜೆಯ ಫೋಟೋ ಹಾಕಿ, ‘ಇವತ್ತಿನಿಂದ ಶುರು, ನಿಮ್ಮೆಲ್ಲರ ಆಶೀರ್ವಾದ ಇರಲಿ’ ಎಂದು ಬರೆದಿದ್ದಾನೆ.

ಮೊದಲನೇ ಬಗೆ: ‘ಆಲ್ ದ ಬೆಸ್ಟ್ ಬ್ರೋ’. ತಪ್ಪೇನಿಲ್ಲ, ಒಳ್ಳೆ ಮನಸ್ಸಿನದ್ದೇ. ಆದ್ರೆ ಯಾರಿಗೆ ಬೇಕಾದ್ರೂ ಹಾಕಬಹುದಾದ ಮಾತು. ನಾಳೆ ಇನ್ನೊಬ್ಬನ ಪೋಸ್ಟಿಗೆ ಕಾಪಿ ಮಾಡಿ ಹಾಕಿದ್ರೂ ಹೊಂದ್ತದೆ.

ಎರಡನೇ ಬಗೆ: ‘ಬಿ.ಸಿ.ರೋಡಲ್ಲಿ ಬೇಕರಿ ಎಷ್ಟು ಉಂಟು ಮಾರಾಯ, ಪಾರ್ಕಿಂಗ್ ಬೇರೆ ಇಲ್ಲ, ನಡೀತದಾ?’ ಬರೆದವನಿಗೆ ಇದು ಕಾಳಜಿ. ಓದಿದವನಿಗೆ ಮೊದಲ ದಿನವೇ ಕಲ್ಲು ಹಾಕಿದ ಹಾಗೆ. ಅದೂ ಗಿರಾಕಿಗಳು ನೋಡುವ ಜಾಗದಲ್ಲಿ.

ಮೂರನೇ ಬಗೆ: ‘ಒಳ್ಳೇದಾಯ್ತು, ನಾನೂ ಬರುವ ತಿಂಗಳು ಕಾರು ತಗೊಳ್ತಿದ್ದೇನೆ’. ಅವನ ಸುದ್ದಿ ಒಂದೇ ಸಾಲಲ್ಲಿ ನಮ್ಮ ಸುದ್ದಿ ಆಗಿ ಹೋಯ್ತು.

ನಾಲ್ಕನೇ ಬಗೆ: ‘ಬೋರ್ಡಲ್ಲಿ ಅಮ್ಮನ ಹೆಸರು ನೋಡಿ ಭಾರೀ ಖುಷಿ ಆಯ್ತು. ಪರೀಕ್ಷೆ ಸಮಯದಲ್ಲಿ ರಾತ್ರಿ ಹನ್ನೊಂದಕ್ಕೆ ಇಡೀ ರೂಮಿಗೆ ಚಾ ಮಾಡಿ ಕೊಡ್ತಿದ್ದವ ನೀನೇ ಅಲ್ವಾ! ಬನ್ಸ್ ಎಷ್ಟು ಗಂಟೆಗೆ ರೆಡಿ ಆಗ್ತದೆ?’

ಈ ನಾಲ್ಕನೆಯದರಲ್ಲಿ ಮೂರು ಅಂಶ ಇವೆ. ಫೋಟೋದಲ್ಲಿ ಅವನಿಗೆ ಮುಖ್ಯವಾದದ್ದನ್ನು ನೋಡಿದ್ದು ಒಂದು. ಇಬ್ಬರಿಗೆ ಮಾತ್ರ ಗೊತ್ತಿರುವ ಹಳೆ ನೆನಪನ್ನು ಇವತ್ತಿನ ಸುದ್ದಿಗೆ ಜೋಡಿಸಿದ್ದು ಇನ್ನೊಂದು. ಕೊನೆಗೆ, ಅವನು ಖುಷಿಯಿಂದ ಉತ್ತರ ಕೊಡಬಹುದಾದ ಪ್ರಶ್ನೆ. ‘ಆಲ್ ದ ಬೆಸ್ಟ್’ಗೆ ಹಾರ್ಟ್ ಒತ್ತಿದ್ರೆ ಮಾತು ಮುಗೀತು. ಬನ್ಸ್ ಕೇಳಿದವನಿಗೆ ‘ಬೆಳಿಗ್ಗೆ ಏಳಕ್ಕೆ ಬಾ, ಬಿಸಿ ಬಿಸಿ ಇರ್ತದೆ’ ಅಂತ ಬರೀಲೇಬೇಕು. ಅಲ್ಲಿಂದ ಮಾತು ಮುಂದೆ ಹೋಗ್ತದೆ, ಅದನ್ನು ಓದಿದ ನಾಲ್ಕು ಗಿರಾಕಿಗಳಿಗೆ ಅಂಗಡಿ ತೆರೆಯುವ ಹೊತ್ತೂ ಗೊತ್ತಾಗ್ತದೆ.

ಪ್ರತಿ ಸಲ ಮೂರೂ ಬೇಕು ಅಂತ ಇಲ್ಲ. ಬರೆದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಿ: ಈ ಕಮೆಂಟನ್ನು ಬೇರೆ ಯಾರದ್ದಾದರೂ ಪೋಸ್ಟಿಗೆ ಹಾಕಿದ್ರೆ ಹೊಂದ್ತದಾ? ಹೊಂದ್ತದೆ ಅಂತಾದ್ರೆ ಅದರಲ್ಲಿ ನಿಮ್ಮ ಗೆಳೆಯ ಇಲ್ಲ.

ಎಲ್ಲ ಪ್ರಶ್ನೆಯೂ ಕಮೆಂಟಿಗಲ್ಲ

ಪ್ರಶ್ನೆ ಕೇಳಿ ಅಂದ ಕೂಡಲೇ ‘ಬಂಡವಾಳ ಎಷ್ಟಾಯ್ತು?’, ‘ಲೋನಾ?’, ‘ಗಲ್ಫ್ ಯಾಕೆ ಬಿಟ್ಟದ್ದು?’, ‘ಮದುವೆ ಯಾವಾಗ?’ ಎಂದು ಕೇಳುವವರಿದ್ದಾರೆ. ಕಮೆಂಟನ್ನು ಪೋಸ್ಟ್ ಹಾಕಿದವನು ಒಬ್ಬನೇ ಓದುವುದಲ್ಲ. ಅವನ ಮಾವ, ಸಾಲ ಕೊಟ್ಟವ, ಮುಂದೆ ಕೆಲಸ ಕೊಡುವವ, ಎಲ್ಲರೂ ಓದ್ತಾರೆ. ಅಂಥದ್ದು ಕೇಳಲೇಬೇಕಿದ್ದರೆ ಫೋನ್ ಉಂಟು, ಇನ್‌ಬಾಕ್ಸ್ ಉಂಟು.

ಹಳೆ ನೆನಪಿಗೂ ಇದೇ ಲೆಕ್ಕ. ರಾತ್ರಿ ಚಾ ಮಾಡಿದ ಕಥೆ ಎಲ್ಲರೆದುರು ಹೇಳಬಹುದು. ಕಾಪಿ ಹೊಡೆದು ಸಿಕ್ಕಿಬಿದ್ದದ್ದು, ಹಳೆ ಹುಡುಗಿಯ ಹೆಸರು, ಅವನಿಗೆ ಇಷ್ಟ ಇಲ್ಲದ ಅಡ್ಡಹೆಸರು ಹೇಳುವ ಹಾಗಿಲ್ಲ. ಹಾಸ್ಟೆಲ್ ರೂಮಲ್ಲಿ ತಮಾಷೆ ಆಗಿದ್ದದ್ದು ಹೆಂಡತಿ ಮನೆಯವರ ಎದುರು ಅವಮಾನ ಆಗ್ತದೆ. ಹುಡುಗಿಯರ ಫೋಟೋಕ್ಕಂತೂ ಇನ್ನೂ ಜಾಗ್ರತೆ ಬೇಕು. ಗ್ರೂಪ್ ಫೋಟೋದ ಕೆಳಗೆ ‘ಏನು ವಿಷಯ?’ ಅಂತ ಇಬ್ಬರನ್ನು ಟ್ಯಾಗ್ ಮಾಡಿದ ಒಂದು ಕಮೆಂಟ್ ಸಾಕು, ಅದರ ಸ್ಕ್ರೀನ್‌ಶಾಟ್ ಯಾವ ವಾಟ್ಸಾಪ್ ಗ್ರೂಪಿಗೆ ಹೋಗಿ ಏನು ಬಣ್ಣ ಪಡೆಯುತ್ತದೆ ಎಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೆಳೆಯ ನಿಮ್ಮ ಕಮೆಂಟ್ ಡಿಲೀಟ್ ಮಾಡಿದ್ರೆ ‘ಯಾಕೆ ತೆಗೆದದ್ದು?’ ಎಂದು ಮತ್ತೆ ಅಲ್ಲೇ ಕೇಳಬೇಡಿ. ಅವನಿಗೆ ಕಾರಣ ಇರ್ತದೆ.

ನಷ್ಟದ ಪೋಸ್ಟ್: ಬುದ್ಧಿ ಹೇಳುವ ಮೊದಲು

ಆಟಿ, ಸೋಣ ತಿಂಗಳಲ್ಲಿ ಒಂದು ಫೋಟೋ ಪದೇ ಪದೇ ಕಾಣ್ತದೆ. ಅಡಿಕೆ ಮರದ ಬುಡದಲ್ಲಿ ಕೊಳೆರೋಗದಿಂದ ಉದುರಿ ಬಿದ್ದ ಎಳೆ ಅಡಿಕೆ. ಕೆಳಗೆ ಸಾಲಾಗಿ ಅಳುವ ಇಮೋಜಿ. ನಡುವೆ ಒಬ್ಬ ‘ಸಮಯಕ್ಕೆ ಸರಿಯಾಗಿ ಮದ್ದು ಬಿಡಬೇಕಿತ್ತು’ ಎಂದು ಬರೆದಿರ್ತಾನೆ. ಬೋರ್ಡೋ ದ್ರಾವಣ ಬಿಡಬೇಕು ಅಂತ ತೋಟದವನಿಗೆ ಗೊತ್ತಿಲ್ಲದ್ದೇನಲ್ಲ. ಮಳೆ ಬಿಡಲಿಲ್ಲ, ಮರ ಹತ್ತುವ ಜನ ಸಿಗಲಿಲ್ಲ, ಅಷ್ಟೇ.

ಅಲ್ಲಿ ಸರಿಯಾದ ಮಾತು: ‘ಮನೆ ಹಿಂದಿನ ತೋಟವಾ? ಎರಡನೇ ಸಲ ಮದ್ದು ಬಿಡ್ಲಿಕ್ಕೆ ಜನ ಸಿಕ್ಕಿಲ್ವಾ?’ ಇದರಲ್ಲಿ ತಪ್ಪು ಅವನದ್ದು ಅಂತ ಇಲ್ಲ, ಅವನಿಗೆ ಹೇಳಿಕೊಳ್ಳಲು ಜಾಗ ಉಂಟು. ನಿಮಗೆ ಗೊತ್ತಿರುವ ಮದ್ದು ಬಿಡುವವರ ನಂಬರ್ ಇದ್ದರೆ ಇನ್‌ಬಾಕ್ಸಿಗೆ ಕಳಿಸಿ. ಸಲಹೆ ಅವನು ಕೇಳಿದ ಮೇಲೆ ಕೊಡಿ.

ಸಾವಿನ ಪೋಸ್ಟ್: ಮೊದಲು ಫೋನ್

ಹತ್ತಿರದ ಗೆಳೆಯನ ತಂದೆ ಹೋದಾಗ ‘ಓಂ ಶಾಂತಿ’, ‘ಆರ್‌ಐಪಿ’ ಎಂದು ಹಾಕಿ, ಅಷ್ಟಕ್ಕೇ ಬಿಟ್ಟರೆ ಅದು ಅವನ ಮನಸ್ಸಲ್ಲಿ ಉಳೀತದೆ. ಸಾಧ್ಯ ಆದ್ರೆ ಮನೆಗೆ ಹೋಗುವುದು, ಆಗದಿದ್ದರೆ ಫೋನ್, ಆಮೇಲೆ ಕಮೆಂಟ್. ದೂರದ ಪರಿಚಯದವರಿಗೆ ರೂಢಿಯ ಮಾತೇ ಸರಿ. ಅಲ್ಲಿ ಹೊಸದು ಬರೆಯಲು ಹೋಗುವುದು ಬೇಡ.

ಹತ್ತಿರದವರಾಗಿದ್ದರೆ ತೀರಿಹೋದವರ ಬಗ್ಗೆ ನೀವು ಕಂಡ ಒಂದು ಸಂಗತಿ ಬರೆಯಿರಿ. ‘ನಿಮ್ಮ ಮನೆಗೆ ಬಂದಾಗೆಲ್ಲ ಅಪ್ಪ ಊಟ ಮಾಡದೆ ಕಳಿಸಿದವರಲ್ಲ’ ಎಂಬ ಒಂದು ಸಾಲು ಸಾಕು. ಮಕ್ಕಳಿಗೆ ಗೊತ್ತಿಲ್ಲದ ಅಪ್ಪನ ಒಂದು ತುಂಡು ಅದರಲ್ಲಿ ಸಿಗ್ತದೆ. ‘ಹೇಗೆ ಆದದ್ದು? ಯಾವ ಆಸ್ಪತ್ರೆ?’ ಎಂದು ಅಲ್ಲಿ ಕೇಳಬಾರದು. ಆ ದಿನ ಅದನ್ನೇ ನೂರು ಸಲ ಹೇಳಿ ಅವರು ಸೋತಿರ್ತಾರೆ.

ಬೊಜ್ಜ ಮುಗಿದ ಮೇಲೆ ನೆಂಟರು ಹೊರಡ್ತಾರೆ, ಕಮೆಂಟ್‌ಗಳೂ ನಿಲ್ಲುತ್ತವೆ. ಮನೆ ಖಾಲಿ ಅನಿಸುವುದು ಆವಾಗ. ‘ಅಮ್ಮ ಹೇಗಿದ್ದಾರೆ?’ ಎಂಬ ಒಂದು ಮೆಸೇಜ್ ಹೆಚ್ಚು ಬೇಕಾಗುವುದು ಆ ವಾರದಲ್ಲಿ.

ಕೆಲಸ ಮಾಡಿತಾ ಅಂತ ಗೊತ್ತಾಗುವುದು ಹೇಗೆ?

ಗೆಳೆಯ ಹಾರ್ಟ್ ಒತ್ತುವ ಬದಲು ಬರೆದು ಉತ್ತರ ಕೊಡ್ತಾನಾ, ನಿಮ್ಮನ್ನೂ ಏನಾದರೂ ಕೇಳ್ತಾನಾ, ಮಾತು ಕಮೆಂಟಿಂದ ಮೆಸೇಜಿಗೆ, ಮೆಸೇಜಿಂದ ಫೋನಿಗೆ ಬಂತಾ ಎಂದು ನೋಡಿ. ಮೂರು ನಾಲ್ಕು ಸಲ ಬರೆದರೂ ಬರೀ ಹಾರ್ಟೇ ಬಂದರೆ ಅವನಿಗೆ ಸಾರ್ವಜನಿಕವಾಗಿ ಮಾತಾಡುವುದು ಇಷ್ಟ ಇಲ್ಲದಿರಬಹುದು. ಒಮ್ಮೆ ಇನ್‌ಬಾಕ್ಸಲ್ಲಿ ಕೇಳಿ. ಅಲ್ಲೂ ಉತ್ತರ ಇಲ್ಲದಿದ್ದರೆ ಸ್ವಲ್ಪ ಸಮಯ ಬಿಡಿ.

ಭಾಷೆಯನ್ನೂ ಗಮನಿಸಿ. ಎದುರು ಸಿಕ್ಕಿದ್ರೆ ತುಳು, ಬ್ಯಾರಿ, ಕೊಂಕಣಿಯಲ್ಲಿ ಮಾತಾಡುವವರು ಕಮೆಂಟಲ್ಲಿ ಮಾತ್ರ ‘ಕಂಗ್ರಾಟ್ಸ್ ಡಿಯರ್’ ಅಂತಾರೆ. ‘ಎಂಚ ಉಲ್ಲ ಮಾರಾಯ?’ ಅಂತ ಬರೆದ್ರೆ ಓದುವವನ ಕಿವಿಗೆ ನಿಮ್ಮ ಸ್ವರವೇ ಕೇಳ್ತದೆ.

ಇನ್ನು ಕಮೆಂಟಲ್ಲಿ ‘ಬರ್ತೇನೆ’ ಅಂತ ಬರೆದಿದ್ದರೆ ಹೋಗಲೇಬೇಕು. ಬೇಕರಿಯ ಹುಡುಗನಿಗೆ ‘ಒಂದು ದಿನ ಬರ್ತೇನೆ’ ಎಂದು ನಲವತ್ತು ಜನ ಬರೆದಿರಬಹುದು. ಅವನಿಗೆ ನೆನಪಿರುವುದು ಬಂದು ಬನ್ಸ್ ತಿಂದು ಹೋದವರ ಹೆಸರು. ದೂರ ಇದ್ದವರು ಒಂದು ತಿಂಗಳು ಬಿಟ್ಟು ‘ಬೆಳಗ್ಗಿನ ವ್ಯಾಪಾರ ಹೇಗೆ ಉಂಟು?’ ಎಂದು ಮೆಸೇಜ್ ಮಾಡಬಹುದು. ಆವತ್ತು ಬರೆದದ್ದು ಬಾಯಿಮಾತಿಗೆ ಅಲ್ಲ ಅಂತ ಅವನಿಗೆ ಗೊತ್ತಾಗುವುದು ಆಗಲೇ.