ಶೇಷ ಆರು, ಸ್ಥಿತಿ ನಾಲ್ಕು

ಯಾರೋ ಒಬ್ಬರು ದೊಡ್ಡದೊಂದು ಸಂಖ್ಯೆಯನ್ನು ಎಡಗಡೆಯಿಂದ ಒಂದೊಂದೇ ಅಂಕಿಯಾಗಿ ಓದಿ ಹೇಳುತ್ತಿದ್ದಾರೆ ಎಂದುಕೊಳ್ಳಿ. ಒಟ್ಟು ಎಷ್ಟು ಅಂಕಿಗಳಿವೆಯೋ ನಿಮಗೆ ಗೊತ್ತಿಲ್ಲ, ಬರೆದುಕೊಳ್ಳುವ ಹಾಗೂ ಇಲ್ಲ. ಅವರು ನಿಲ್ಲಿಸಿದ ತಕ್ಷಣ, ಆ ಸಂಖ್ಯೆ 6ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯೇ ಇಲ್ಲವೇ ಎಂದು ನೀವು ಹೇಳಬೇಕು. ಇದಕ್ಕೆ ಇಡೀ ಸಂಖ್ಯೆಯನ್ನು ನೆನಪಿಡಬೇಕಿಲ್ಲ. ಈವರೆಗೆ ಕೇಳಿದ್ದನ್ನು 6ರಿಂದ ಭಾಗಿಸಿದರೆ ಉಳಿಯುವ ಶೇಷ ತಲೆಯಲ್ಲಿದ್ದರೆ ಸಾಕು. ಹೊಸ ಅಂಕಿ ಬಂದಾಗ ಹಳೆಯ ಶೇಷವನ್ನು 10ರಿಂದ ಗುಣಿಸಿ, ಅಂಕಿಯನ್ನು ಕೂಡಿಸಿ, ಮತ್ತೆ 6ರಿಂದ ಭಾಗಿಸಿದರಾಯಿತು. 754 ಬಂತೆನ್ನಿ: 7ಕ್ಕೆ ಶೇಷ 1, ನಂತರ 15ಕ್ಕೆ ಶೇಷ 3, ನಂತರ 34ಕ್ಕೆ ಶೇಷ 4. ಭಾಗವಾಗಲಿಲ್ಲ.

ಕಂಪ್ಯೂಟರ್ ಸೈನ್ಸ್ ಓದಿದವರು ಇದನ್ನು ಡಿಎಫ್‌ಎ ಎನ್ನುತ್ತಾರೆ. ಅದರಲ್ಲಿ ಇರುವುದು ಇಷ್ಟೇ: ಲೆಕ್ಕಕ್ಕೆ ಸಿಗುವಷ್ಟು ಸ್ಥಿತಿಗಳು, ಯಾವ ಸ್ಥಿತಿಯಲ್ಲಿ ಯಾವ ಅಂಕಿ ಬಂದರೆ ಎಲ್ಲಿಗೆ ಹೋಗಬೇಕೆಂಬ ಖಚಿತವಾದ ಒಂದು ಪಟ್ಟಿ, ಮತ್ತು ಕೊನೆಗೆ ಎಲ್ಲಿ ನಿಂತರೆ ‘ಸೈ’ ಎನ್ನಬೇಕೆಂಬ ಗುರುತು. ನಮ್ಮ ಯಂತ್ರಕ್ಕೆ 0ಯಿಂದ 5ರವರೆಗೆ ಆರು ಸ್ಥಿತಿಗಳು. ಆರಂಭವೂ 0, ‘ಸೈ’ ಎನ್ನುವುದೂ 0 ಮಾತ್ರ. ಪ್ರಶ್ನೆ ಏನೆಂದರೆ, ಆರೂ ಬೇಕೇ?

ಮೊದಲು ಶೇಷ 1 ಮತ್ತು 4ನ್ನು ಹತ್ತಿರದಿಂದ ನೋಡೋಣ. 7 ಕೇಳಿದವರು ಶೇಷ 1ರಲ್ಲಿ ಇರುತ್ತಾರೆ, 10 ಕೇಳಿದವರು ಶೇಷ 4ರಲ್ಲಿ. ಇಬ್ಬರಿಗೂ ಮುಂದೆ 2 ಎಂಬ ಅಂಕಿ ಬಂದರೆ 72 ಮತ್ತು 102 ಆಗುತ್ತವೆ, ಎರಡೂ ಭಾಗವಾಗುತ್ತವೆ. 56 ಸೇರಿದರೆ 756 ಮತ್ತು 1056, ಎರಡೂ ಭಾಗವಾಗುತ್ತವೆ. 5 ಸೇರಿದರೆ 75 ಮತ್ತು 105, ಎರಡೂ ಆಗುವುದಿಲ್ಲ. ಇದು ಕಾಕತಾಳೀಯವಲ್ಲ. 1ನ್ನು ಹತ್ತರಿಂದ ಗುಣಿಸಿದರೆ 10, 4ನ್ನು ಗುಣಿಸಿದರೆ 40. ಎರಡಕ್ಕೂ 6ರಿಂದ ಬರುವ ಶೇಷ 4. ಹಾಗಾಗಿ ಮುಂದಿನ ಅಂಕಿ ಯಾವುದೇ ಬರಲಿ, ಈ ಎರಡು ಸ್ಥಿತಿಗಳಿಂದ ಹೊರಟವರು ಒಂದೇ ಜಾಗಕ್ಕೆ ಬಂದು ಸೇರುತ್ತಾರೆ. ಅಂಕಿಯೇ ಬರದೆ ಅಲ್ಲಿಗೇ ನಿಂತರೂ ಇಬ್ಬರ ಉತ್ತರ ‘ಇಲ್ಲ’ ಎಂದೇ. ಮುಂದೆ ಏನನ್ನು ಸೇರಿಸಿದರೂ ಉತ್ತರದಲ್ಲಿ ವ್ಯತ್ಯಾಸ ಕಾಣದಿದ್ದರೆ ಎರಡು ಸ್ಥಿತಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ವ್ಯರ್ಥ. ಒಂದು ಮಾಡಿಬಿಡಬಹುದು. 2 ಮತ್ತು 5 ಕೂಡ ಇದೇ ರೀತಿ ಒಂದಾಗುತ್ತವೆ.

0 ಮತ್ತು 3ರ ಕಥೆ ಸ್ವಲ್ಪ ಬೇರೆ. 12ಕ್ಕೂ 9ಕ್ಕೂ ಮುಂದೆ 6 ಸೇರಿಸಿ: 126, 96, ಎರಡೂ ಸೈ. ಯಾವ ಅಂಕಿ ಬಂದರೂ ಇಬ್ಬರೂ ಹೋಗುವುದು ಒಂದೇ ಕಡೆ. ಪಟ್ಟಿಯಲ್ಲಿ ಇವೆರಡರ ಸಾಲುಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಅಂಕಿಯ ವ್ಯತ್ಯಾಸವೂ ಇಲ್ಲ. ಆದರೂ ಇವನ್ನು ಸೇರಿಸುವಂತಿಲ್ಲ, ಏಕೆಂದರೆ ಏನನ್ನೂ ಸೇರಿಸದೆ ಅಲ್ಲಿಗೇ ನಿಲ್ಲಿಸಿದರೆ 12 ಭಾಗವಾಗುತ್ತದೆ, 9 ಆಗುವುದಿಲ್ಲ. ಖಾಲಿ ಸರಣಿಯೂ ಒಂದು ಸರಣಿಯೇ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವುದು ಇಲ್ಲೇ: ಸಾಲು ಒಂದೇ ಇದೆಯೆಂದು 0 ಮತ್ತು 3ನ್ನು ಸೇರಿಸಿ ಮೂರೇ ಸ್ಥಿತಿಗಳ ಯಂತ್ರ ಬರೆದರೆ ಅದು 9ನ್ನೂ ಸೈ ಎನ್ನುತ್ತದೆ.

ಉಳಿಯುವುದು ನಾಲ್ಕು: 0, 3, 1-4ರ ಜೋಡಿ, 2-5ರ ಜೋಡಿ. ಇದಕ್ಕಿಂತ ಕಡಿಮೆ ಮಾಡಲು ಸಾಧ್ಯವೇ ಇಲ್ಲ. 6, 3, 1, 2 ಎಂಬ ನಾಲ್ಕು ಸಂಖ್ಯೆಗಳನ್ನು ತೆಗೆದುಕೊಳ್ಳಿ. ಮೂರೇ ಸ್ಥಿತಿಗಳ ಯಂತ್ರವಿದ್ದರೆ ಇವುಗಳಲ್ಲಿ ಎರಡಾದರೂ ಒಂದೇ ಸ್ಥಿತಿಗೆ ಬಂದು ನಿಲ್ಲಲೇಬೇಕು. 1 ಮತ್ತು 2 ಒಂದೇ ಕಡೆ ನಿಂತವು ಎನ್ನಿ. ಈಗ 2 ಸೇರಿಸಿದರೆ 12 ಮತ್ತು 22. ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎನ್ನಬೇಕು. ಒಂದೇ ಸ್ಥಿತಿಯಿಂದ ಹೊರಟ ಯಂತ್ರ ಎರಡು ಉತ್ತರ ಕೊಡುವುದು ಹೇಗೆ? ಉಳಿದ ಜೋಡಿಗಳಿಗೂ ಇಂಥದ್ದೇ ಒಂದು ಸರಣಿ ಸಿಗುತ್ತದೆ. ಅಂದರೆ ನಾಲ್ಕು ಎನ್ನುವುದು ನಾವು ಕಟ್ಟಿದ ಯಂತ್ರದ ಗುಣವಲ್ಲ, ಕೇಳಿದ ಪ್ರಶ್ನೆಯ ಗುಣ. 1950ರ ದಶಕದ ಕೊನೆಯಲ್ಲಿ ಜಾನ್ ಮೈಹಿಲ್ ಮತ್ತು ಅನಿಲ್ ನೆರೋಡ್ ಇದನ್ನು ಸಾಮಾನ್ಯ ರೂಪದಲ್ಲಿ ಸಿದ್ಧಪಡಿಸಿದರು. ಪ್ರತಿ ಪ್ರಶ್ನೆಗೂ ಅತಿ ಚಿಕ್ಕ ಡಿಎಫ್‌ಎ ಒಂದೇ ಒಂದು. ಸ್ಥಿತಿಗಳ ಹೆಸರು ಬದಲಾಗಬಹುದು, ಆಕಾರ ಬದಲಾಗದು.

ಅಂದಹಾಗೆ, ಈ ನಾಲ್ಕರಲ್ಲಿ ಅಡಗಿರುವುದು ನಾವು ಶಾಲೆಯಲ್ಲಿ ಕಲಿತ ಸೂತ್ರವೇ: ಅಂಕಿಗಳ ಮೊತ್ತ 3ರಿಂದ ಭಾಗವಾಗಬೇಕು, ಕೊನೆಯ ಅಂಕಿ ಸಮವಾಗಿರಬೇಕು. ಮೊತ್ತದ ಶೇಷ 1 ಅಥವಾ 2 ಇದ್ದರೆ ಹೇಗೂ ಭಾಗವಾಗುವುದಿಲ್ಲ, ಆಗ ಸಮವೋ ಬೆಸವೋ ಎಂದು ನೆನಪಿಟ್ಟು ಪ್ರಯೋಜನವಿಲ್ಲ. ಮೊತ್ತ ಭಾಗವಾದಾಗ ಮಾತ್ರ ಆ ವಿವರ ಬೇಕು. ಈ ಸೂತ್ರವನ್ನು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆರು ಸ್ಥಿತಿಗಳಾದರೆ ಕಣ್ಣಳತೆಯಲ್ಲಿ ಮುಗಿಯಿತು. ಆರು ಸಾವಿರ ಇದ್ದರೆ? ಮುಂದೆ ಸೇರಬಹುದಾದ ಸರಣಿಗಳಿಗೆ ಕೊನೆಯೇ ಇಲ್ಲ, ಎಲ್ಲವನ್ನೂ ಪರೀಕ್ಷಿಸಿ ನೋಡಲಾಗದು. ಸಹಜವಾಗಿ ಹೊಳೆಯುವ ದಾರಿ ಎಂದರೆ, ಒಂದೇ ರೀತಿಯ ಸಾಲುಗಳಿರುವ ಸ್ಥಿತಿಗಳನ್ನು ಹುಡುಕಿ ಸೇರಿಸುತ್ತ ಹೋಗುವುದು. ಈ ದಾರಿ ಅರ್ಧಕ್ಕೇ ನಿಂತುಬಿಡುತ್ತದೆ. ಇನ್ನೊಂದು ಯಂತ್ರ ಕಟ್ಟಿ ನೋಡೋಣ. ಯಾರೋ 3ರಿಂದ ಭಾಗವಾಗುವುದನ್ನು ಪರೀಕ್ಷಿಸಲು ಅಂಕಿಗಳ ಮೊತ್ತವನ್ನು ಇಟ್ಟುಕೊಂಡಿದ್ದಾರೆ, ಆದರೆ ಮೊತ್ತದ ಶೇಷವನ್ನು 3ರ ಬದಲು 6ರಿಂದ ತೆಗೆಯುತ್ತಿದ್ದಾರೆ. 0 ಮತ್ತು 3ಕ್ಕೆ ಸೈ ಎನ್ನುತ್ತಾರೆ. ಇಲ್ಲಿಯೂ ಆರು ಸ್ಥಿತಿಗಳು. 1 ಎಂಬ ಅಂಕಿ ಬಂದರೆ 0ಯಿಂದ 1ಕ್ಕೆ, 3ರಿಂದ 4ಕ್ಕೆ ಹೋಗುತ್ತೇವೆ. ಸಾಲುಗಳು ಬೇರೆ. 0 ಮತ್ತು 3 ಸೇರಬೇಕಾದರೆ 1 ಮತ್ತು 4 ಒಂದೇ ಎಂದು ಮೊದಲು ಗೊತ್ತಾಗಬೇಕು. ಅದಕ್ಕೆ 2 ಮತ್ತು 5 ಒಂದೇ ಎಂದು ಗೊತ್ತಾಗಬೇಕು. ಅದಕ್ಕೆ 3 ಮತ್ತು 0 ಒಂದೇ ಎಂದು! ನೀನು ಮೊದಲು, ನೀನು ಮೊದಲು ಎಂದು ಮೂರೂ ಜೋಡಿಗಳು ಕಾಯುತ್ತ ಕೂರುತ್ತವೆ, ಒಂದೂ ಸೇರುವುದಿಲ್ಲ.

ಬೆಲ್ ಲ್ಯಾಬ್ಸ್‌ನಲ್ಲಿದ್ದ ಎಡ್ವರ್ಡ್ ಮೂರ್ 1956ರಲ್ಲಿ ಪ್ರಕಟಿಸಿದ ಲೇಖನದ ದಾರಿ ಇದಕ್ಕೆ ತಿರುಗುಮುರುಗು. ಸೇರಿಸುವುದು ಬೇಡ, ಒಡೆಯುತ್ತ ಹೋಗೋಣ. ಮೊದಲು, ಆರಂಭದಿಂದ ತಲುಪಲಾಗದ ಸ್ಥಿತಿಗಳೇನಾದರೂ ಇದ್ದರೆ ಕಿತ್ತುಹಾಕಬೇಕು. ಆಮೇಲೆ ಎಲ್ಲ ಸ್ಥಿತಿಗಳನ್ನೂ ಎರಡೇ ಗುಂಪು ಮಾಡುವುದು: ಸೈ ಎನ್ನುವವು, ಎನ್ನದವು. ಒಂದೇ ಗುಂಪಿನ ಎರಡು ಸ್ಥಿತಿಗಳು ಯಾವುದಾದರೊಂದು ಅಂಕಿಗೆ ಬೇರೆ ಬೇರೆ ಗುಂಪಿಗೆ ಹೋದರೆ ಅವನ್ನು ಬೇರ್ಪಡಿಸುವುದು. ಹೀಗೆ ಸುತ್ತು ಸುತ್ತಾಗಿ ಮಾಡುತ್ತ, ಒಂದು ಇಡೀ ಸುತ್ತಿನಲ್ಲಿ ಏನೂ ಒಡೆಯದಿದ್ದಾಗ ನಿಲ್ಲಿಸುವುದು. ಮೊತ್ತದ ಯಂತ್ರದಲ್ಲಿ ಮೊದಲ ಗುಂಪು 0, 3. ಎರಡನೆಯದು 1, 2, 4, 5. 2 ಎಂಬ ಅಂಕಿಗೆ 1 ಮತ್ತು 4 ಮೊದಲ ಗುಂಪಿಗೆ ಹೋಗುತ್ತವೆ, 2 ಮತ್ತು 5 ಹೋಗುವುದಿಲ್ಲ. ಒಡೆಯಿತು. ಮುಂದಿನ ಸುತ್ತಿನಲ್ಲಿ ಏನೂ ಒಡೆಯುವುದಿಲ್ಲ. ಮೂರು ಸ್ಥಿತಿಗಳು, ಕೆಲಸ ಮುಗಿಯಿತು. ಕಾಯುವ ಚಕ್ರ ಇಲ್ಲಿ ಅಡ್ಡಿಯಾಗಲೇ ಇಲ್ಲ, ಏಕೆಂದರೆ ಬೇರೆ ಎಂಬುದಕ್ಕಷ್ಟೇ ಸಾಕ್ಷಿ ಬೇಕು, ಒಂದೇ ಎಂಬುದಕ್ಕೆ ಬೇಡ.

ಈ ವಿಧಾನ ಎಷ್ಟು ಸುತ್ತು ಹೋಗಬಹುದು? ಗುಂಪುಗಳು ಎರಡರಿಂದ ಶುರುವಾಗುತ್ತವೆ, ಒಡೆಯುವ ಪ್ರತಿ ಸುತ್ತಿನಲ್ಲಿ ಕನಿಷ್ಠ ಒಂದು ಹೆಚ್ಚುತ್ತದೆ, ಸ್ಥಿತಿಗಳ ಸಂಖ್ಯೆಯನ್ನು ಮೀರಲಾರವು. ಆರು ಸ್ಥಿತಿಗಳಿದ್ದರೆ ಹೆಚ್ಚೆಂದರೆ ನಾಲ್ಕು ಸುತ್ತು ಒಡೆಯಬಹುದು. ಹಾಗೆಂದರೆ ನಾಲ್ಕು ಅಂಕಿಗಳೊಳಗಿನ ಯಾವ ಸರಣಿಯೂ ಬೇರ್ಪಡಿಸದ ಎರಡು ಸ್ಥಿತಿಗಳನ್ನು ನಾಲ್ಕು ಕೋಟಿ ಅಂಕಿಗಳ ಸರಣಿಯೂ ಬೇರ್ಪಡಿಸಲಾರದು. ಕೊನೆಯಿಲ್ಲದ ಪರೀಕ್ಷೆಗೆ ಕೊನೆ ಸಿಗುವುದು ಹೀಗೆ.

ಸ್ಥಿತಿಗಳು ಲಕ್ಷಗಟ್ಟಲೆ ಇದ್ದಾಗ ಪ್ರತಿ ಸುತ್ತಿನಲ್ಲೂ ಎಲ್ಲವನ್ನೂ ತಿರುವಿಹಾಕುವುದು ದುಬಾರಿ. 1971ರಲ್ಲಿ ಜಾನ್ ಹಾಪ್‌ಕ್ರಾಫ್ಟ್ ಒಂದು ಜಾಣ ಉಪಾಯ ಕಂಡುಕೊಂಡರು. ಈಗಾಗಲೇ ಲೆಕ್ಕಕ್ಕೆ ತೆಗೆದುಕೊಂಡ ಗುಂಪೊಂದು ಎರಡಾಗಿ ಒಡೆದರೆ, ಅದರ ಪರಿಣಾಮ ನೋಡಲು ಎರಡೂ ಹೋಳು ಬೇಕಿಲ್ಲ. ಒಂದು ಹೋಳಿಗೆ ಯಾರು ಬರುತ್ತಾರೆಂದು ಗೊತ್ತಾದರೆ ಉಳಿದವರು ಇನ್ನೊಂದಕ್ಕೇ. ಹಾಗಾಗಿ ಯಾವಾಗಲೂ ಚಿಕ್ಕ ಹೋಳನ್ನೇ ಆರಿಸಿಕೊಂಡರಾಯಿತು. ಒಂದು ಸ್ಥಿತಿ ಪ್ರತಿ ಸಲ ಚಿಕ್ಕ ಹೋಳಿಗೆ ಬಿದ್ದಾಗಲೂ ಅದರ ಗುಂಪು ಅರ್ಧಕ್ಕೆ ಅಥವಾ ಇನ್ನೂ ಕಡಿಮೆಗೆ ಇಳಿದಿರುತ್ತದೆ. ಹತ್ತು ಲಕ್ಷವನ್ನು ಅರ್ಧ ಮಾಡುತ್ತ ಹೋದರೆ ಸುಮಾರು ಇಪ್ಪತ್ತು ಸಲಕ್ಕೆ ಒಂದಕ್ಕಿಳಿಯುತ್ತದೆ. ಒಂದು ಸ್ಥಿತಿಯನ್ನು ಒಂದು ಅಕ್ಷರಕ್ಕೆ ಮತ್ತೆ ಮುಟ್ಟಬೇಕಾಗುವುದು ಅಷ್ಟೇ ಸಲ. ಈ ಕ್ಷೇತ್ರದ ಲೆಕ್ಕಗಳಲ್ಲಿ ನನಗೆ ತೀರ ಇಷ್ಟವಾದದ್ದು ಇದು.

ಲಕ್ಷಗಟ್ಟಲೆ ಸ್ಥಿತಿಗಳು ಹುಟ್ಟುವುದು ಸಾಮಾನ್ಯವಾಗಿ ಪದಪಟ್ಟಿಗಳಲ್ಲಿ. 1988ರಲ್ಲಿ ಆ್ಯಂಡ್ರ್ಯೂ ಆ್ಯಪಲ್ ಮತ್ತು ಗೈ ಜೇಕಬ್‌ಸನ್ ಇಂಗ್ಲಿಷ್‌ನ ಸ್ಕ್ರ್ಯಾಬಲ್ ಆಟಕ್ಕೆಂದು ಸುಮಾರು 94 ಸಾವಿರ ಪದಗಳನ್ನು ಹೀಗೆ ಕಟ್ಟಿದಾಗ, 1.17 ಲಕ್ಷ ಸ್ಥಿತಿಗಳು 20 ಸಾವಿರಕ್ಕೂ ಕಡಿಮೆಯಾದವು. ಇದರ ಗುಟ್ಟು ಪದಗಳ ಬಾಲದಲ್ಲಿದೆ, ಮತ್ತು ಅದನ್ನು ನೋಡಲು ಕನ್ನಡವೇ ಒಳ್ಳೆಯ ಭಾಷೆ. ಮನೆಗೆ, ಮನೆಯಲ್ಲಿ, ಮನೆಯಿಂದ. ಕೆರೆಗೆ, ಕೆರೆಯಲ್ಲಿ, ಕೆರೆಯಿಂದ. ಅಕ್ಷರ ಅಕ್ಷರವಾಗಿ ಓದುವ ಯಂತ್ರಕ್ಕೆ ‘ಮನೆ’ ಮುಗಿದ ಸ್ಥಿತಿಯಲ್ಲೂ ‘ಕೆರೆ’ ಮುಗಿದ ಸ್ಥಿತಿಯಲ್ಲೂ ಮುಂದಿನ ಸಾಧ್ಯತೆಗಳು ಒಂದೇ, ಎರಡೂ ಒಂದಾಗುತ್ತವೆ. ಈಗ ಪಟ್ಟಿಗೆ ‘ಮನೆತನ’ ಸೇರಿಸಿ. ಕೆರೆತನ ಎಂಬ ಪದವಿಲ್ಲ. ‘ತನ’ ಎಂಬ ಬಾಲ ಇವೆರಡನ್ನು ಬೇರ್ಪಡಿಸಿತು, ಸ್ಥಿತಿಗಳು ಮತ್ತೆ ಎರಡಾದವು. ಆದರೆ ‘ಯ’ ಬಂದ ನಂತರ ಎರಡೂ ಕಡೆ ಉಳಿಯುವುದು ‘ಲ್ಲಿ’ ಮಾತ್ರ. ಅಲ್ಲಿಂದ ಮುಂದೆ ಮತ್ತೆ ಒಂದೇ ದಾರಿ.

ಈ ಉಳಿತಾಯಕ್ಕೆ ತೆರಬೇಕಾದ ಬೆಲೆಯೂ ಇದೆ. ಯಂತ್ರ ಕೊನೆಯ ಸ್ಥಿತಿಗೆ ಬಂದು ನಿಂತಾಗ ಅದು ‘ಮನೆಯಲ್ಲಿ’ಯಿಂದ ಬಂತೋ ‘ಕೆರೆಯಲ್ಲಿ’ಯಿಂದ ಬಂತೋ ಹೇಳಲು ಬರುವುದಿಲ್ಲ. ಪದ ಸರಿಯೇ ತಪ್ಪೇ ಎಂದು ನೋಡುವ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ. ಪ್ರತಿ ಪದದ ಕೊನೆಯ ಸ್ಥಿತಿಗೆ ಅದರ ಅರ್ಥವನ್ನು ಅಂಟಿಸಹೊರಟರೆ ಮಾತ್ರ ಆ ಸ್ಥಿತಿಗಳು ಬೇರೆ ಬೇರೆಯೇ ಆಗಬೇಕಾಗುತ್ತದೆ, ಉಳಿತಾಯ ಕರಗುತ್ತದೆ. ಇನ್ನು ಕೆಲವು ಪ್ರಶ್ನೆಗಳಲ್ಲಿ ಉಳಿತಾಯಕ್ಕೆ ಜಾಗವೇ ಇರುವುದಿಲ್ಲ. 0 ಮತ್ತು 1ರ ಸಾಲಿನಲ್ಲಿ ಕೊನೆಯಿಂದ 10ನೆಯದು 1 ಆಗಿದೆಯೇ ಎಂದು ಕೇಳಿದರೆ, ಯಂತ್ರ ಕೊನೆಯ ಹತ್ತನ್ನೂ ನೆನಪಿಡಲೇಬೇಕು. ಅತಿ ಚಿಕ್ಕ ಯಂತ್ರಕ್ಕೂ 1024 ಸ್ಥಿತಿಗಳು. ಯಾವ ವಿಧಾನವೂ ಒಂದನ್ನೂ ತೆಗೆಯಲಾರದು.

ಕೈಯಲ್ಲಿ ಪೆನ್ನು ಹಾಳೆ ಇದ್ದರೆ 8ರಿಂದ ಭಾಗವಾಗುವ ಸಂಖ್ಯೆಗಳಿಗೆ ಇದನ್ನೇ ಮಾಡಿ ನೋಡಿ. ಎಂಟು ಶೇಷಗಳಿಂದ ಶುರು ಮಾಡಿ ಕೊನೆಗೆ ಐದು ಸ್ಥಿತಿಗಳು ಉಳಿಯಬೇಕು. ಆರು ಉಳಿದರೆ ಎಲ್ಲೋ ಒಂದು ಜೋಡಿ ಕಣ್ತಪ್ಪಿದೆ. ನಾಲ್ಕೇ ಉಳಿದರೆ 0 ಮತ್ತು 4ನ್ನು ಸೇರಿಸಿಬಿಟ್ಟಿದ್ದೀರಿ.